ಗದರುವ ಮೊದಲೇ ಮಾಡಬೇಕಾದ ಕೆಲಸ: ಪೀರಿಯಡ್‌ನ ಮೊದಲ ಐದು ನಿಮಿಷ

ಪ್ರಶ್ನೆ: "ಈ ವರ್ಷ ಹೈಸ್ಕೂಲಿಗೆ ಗಣಿತ ಟೀಚರ್ ಆಗಿ ಸೇರಿದ್ದೇನೆ. 9ನೇ ಕ್ಲಾಸಲ್ಲಿ 60 ಮಕ್ಕಳು. ಊಟದ ನಂತರದ ಪೀರಿಯಡ್‌ನಲ್ಲಿ 'ಸೈಲೆನ್ಸ್' ಅಂತ ಕೂಗಿ ಕೂಗಿ ಗಂಟಲು ಹೋಗುತ್ತೆ. ಮೊದಲೇ ಹೆದರಿಸಿ ಇಟ್ಕೊಳ್ಳಿ ಅಂತಾರೆ ಸೀನಿಯರ್ಸ್. ಅದೇ ಸರೀನಾ?"

ಹೆದರಿಕೆಗೆ ಮಕ್ಕಳು ಬೇಗ ಒಗ್ಗಿಹೋಗುತ್ತಾರೆ. ಇವತ್ತು ಗದರಿದರೆ ಸಾಕು, ಮುಂದಿನ ವಾರ ಇನ್ನೂ ಜೋರಾಗಿ ಗದರಬೇಕು, ಆಮೇಲೆ ಹೊರಗೆ ನಿಲ್ಲಿಸಬೇಕು. ಎಷ್ಟು ಸ್ಟ್ರಿಕ್ಟ್ ಆಗಿರಬೇಕು ಅನ್ನುವುದನ್ನು ಸದ್ಯ ಪಕ್ಕಕ್ಕಿಡಿ. ನೀವು ಒಳಗೆ ಬಂದ ಕ್ಷಣ ಮಕ್ಕಳ ಕೈಯಲ್ಲಿ ಏನು ಕೆಲಸ ಇರುತ್ತದೆ? ನನ್ನ ಅನುಭವದಲ್ಲಿ ಹೊಸ ಟೀಚರುಗಳ ಕ್ಲಾಸಿನಲ್ಲಿ ಬಹುಪಾಲು ಗಲಾಟೆ ಪಾಠ ನಡೆಯುವಾಗ ಹುಟ್ಟುವುದಿಲ್ಲ. ಮಕ್ಕಳಿಗೆ ಏನೂ ಕೆಲಸ ಇಲ್ಲದ ಸಂದಿಗಳಲ್ಲಿ ಹುಟ್ಟುತ್ತದೆ.

ಜೇಕಬ್ ಕೌನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಶಾಲೆಗಳ ಕ್ಲಾಸುಗಳನ್ನು ವಿಡಿಯೊ ಮಾಡಿಸಿ ಇದನ್ನೇ ಹುಡುಕಿದರು. ಅವರು ನೋಡಿದ್ದು ಹೆಚ್ಚಾಗಿ ಚಿಕ್ಕ ಮಕ್ಕಳ ಕ್ಲಾಸುಗಳನ್ನು. ತಪ್ಪು ನಡೆದ ಮೇಲೆ ಟೀಚರ್ ಹೇಗೆ ಗದರುತ್ತಾರೆ ಅನ್ನುವುದಕ್ಕೂ ಕ್ಲಾಸ್ ಹೇಗೆ ನಡೆಯುತ್ತದೆ ಅನ್ನುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಅವರಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ತಪ್ಪು ನಡೆಯುವ ಮುಂಚಿನ ಕೆಲಸದಲ್ಲಿ. ಇಡೀ ಕ್ಲಾಸಿನ ಮೇಲೆ ಕಣ್ಣಿರುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ಹೋಗುವುದು, ಇಂಥವು. 1970ರಲ್ಲಿ ಬಂದ ಮಾತಿದು. ನಮ್ಮ ಹೈಸ್ಕೂಲುಗಳಲ್ಲೂ ಇದು ನಿಜ ಅಂತ ನನಗೆ ಅನಿಸಿದೆ.

ಈಗ ನಿಮ್ಮ ಊಟದ ನಂತರದ ಪೀರಿಯಡ್ ನೋಡೋಣ. ಬೆಲ್ ಆಗುತ್ತದೆ. ಕೆಲವರು ಇನ್ನೂ ನಲ್ಲಿ ಹತ್ತಿರ ಇರುತ್ತಾರೆ. ನೀವು ಬರುತ್ತೀರಿ, ಎಲ್ಲರೂ ಎದ್ದು ನಮಸ್ತೆ ಹೇಳುತ್ತಾರೆ, ಕೂರುತ್ತಾರೆ. ಆಮೇಲೆ ನೀವು ಬೋರ್ಡ್ ಒರೆಸುತ್ತೀರಿ, ತಾರೀಕು ಬರೆಯುತ್ತೀರಿ, ಸೀಮೆಸುಣ್ಣ ಹುಡುಕುತ್ತೀರಿ. ಅಷ್ಟು ಹೊತ್ತು 60 ಮಕ್ಕಳ ಕಡೆಗೆ ನಿಮ್ಮ ಬೆನ್ನು. ಅವರು ಮಾತಾಡದೆ ಇನ್ನೇನು ಮಾಡಬೇಕು?

ಈ ಸಂದಿಯನ್ನು ಮುಚ್ಚುವುದು ಹೀಗೆ. ಬೆಳಗ್ಗೆಯೇ ಒಂದು ಚೀಟಿಯಲ್ಲಿ ಎರಡು ಲೆಕ್ಕ ಬರೆದು ಕ್ಲಾಸ್ ಲೀಡರ್ ಕೈಗೆ ಕೊಡಿ. ಊಟ ಮುಗಿಸಿ ಬಂದವರೇ ಅವರು ಬೋರ್ಡ್ ಒರೆಸಿ, ಎಡ ಮೂಲೆಯಲ್ಲಿ ಆ ಲೆಕ್ಕ ಬರೆದಿರಬೇಕು. ಒಳಗೆ ಬಂದವರು ಬಂದ ಹಾಗೆ ನೋಟ್‌ಬುಕ್ ತೆಗೆದು ಶುರು ಮಾಡಬೇಕು. ನೀವು ಬಂದಾಗ ನಮಸ್ತೆ ಆಗಲಿ, ಕೂತ ಮೇಲೆ ಅದೇ ಕೆಲಸ ಮುಂದುವರಿಯಲಿ. ಐದು ನಿಮಿಷ ನೀವು ಬೆಂಚುಗಳ ನಡುವೆ ಓಡಾಡಿ. ಆಮೇಲೆ ಉತ್ತರ ನೋಡಿ ಪಾಠಕ್ಕೆ ಹೋಗಿ.

ಲೆಕ್ಕ ಯಾವುದಿರಬೇಕು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಬಹುಪದೋಕ್ತಿ ಪಾಠ ನಡೀತಿದೆ ಅಂದುಕೊಳ್ಳಿ. ಮೊದಲನೆಯದು, x = 2 ಆದಾಗ 3x + 5ರ ಬೆಲೆ ಎಷ್ಟು? ಇದು ಹಿಂದಿನ ಬೆಂಚಿನ ಹುಡುಗನಿಗೂ ಬರಬೇಕು. ಎರಡನೆಯದು, (x + 3)(x + 5) ಬಿಡಿಸಿ. ಇದು ನಿನ್ನೆ ಮಾಡಿದ್ದು. ಕಷ್ಟದ ಲೆಕ್ಕ ಹಾಕಿದರೆ ಹದಿನೈದು ಮಕ್ಕಳು ಬರೆಯುತ್ತಾರೆ, ಉಳಿದವರು ಪೆನ್ನು ಕೆಳಗಿಡುತ್ತಾರೆ, ಗಲಾಟೆ ವಾಪಸ್ ಬರುತ್ತದೆ. ಆಗ ರೂಢಿ ಫೇಲ್ ಆಯಿತು ಅನಿಸುತ್ತದೆ. ಫೇಲ್ ಆಗಿದ್ದು ಲೆಕ್ಕ.

ಇದನ್ನು ಒಂದು ಸಲ ಹೇಳಿದರೆ ಆಗುವುದಿಲ್ಲ. ಪಾಠದ ಹಾಗೆಯೇ ಕಲಿಸಬೇಕು. ಮೊದಲ ದಿನ ಒಂದು ಸಾಲಿನ ಮಕ್ಕಳಿಂದ ಮಾಡಿಸಿ ತೋರಿಸಿ: ಹೊರಗಿನಿಂದ ಬರುವುದು, ಕೂರುವುದು, ಪುಸ್ತಕ ತೆಗೆಯುವುದು, ತಾರೀಕು ಹಾಕುವುದು. ಆಮೇಲೆ ಎಲ್ಲರಿಂದ ಮಾಡಿಸಿ. ಮಾತಾಡುತ್ತಾ ಬಂದರೆ ಬೈಯಬೇಡಿ, "ಇನ್ನೊಂದ್ಸಲ ಮಾಡೋಣ, ಹೊರಗಿನಿಂದ ಬನ್ನಿ" ಅಂದರೆ ಸಾಕು. ಬರೀ ಅಭ್ಯಾಸ ಅನ್ನುವ ದನಿಯಲ್ಲಿ ಹೇಳಿ. ಶಿಕ್ಷೆಯ ವಾಸನೆ ಬಂದರೆ 9ನೇ ಕ್ಲಾಸಿನ ಮಕ್ಕಳು ಅದನ್ನೇ ಆಟ ಮಾಡಿಕೊಳ್ಳುತ್ತಾರೆ. ಮೊದಲ ವಾರ ಪಾಠ ಸ್ವಲ್ಪ ಹಿಂದೆ ಬೀಳುತ್ತದೆ, ಪರವಾಗಿಲ್ಲ. ಪೋರ್ಷನ್ ಮುಗಿಸುವ ಚಿಂತೆಯಲ್ಲಿ ಈ ವಾರವನ್ನು ಬಿಟ್ಟವರು ವರ್ಷವಿಡೀ ಮೊದಲ ಹತ್ತು ನಿಮಿಷ ಕಳೆದುಕೊಳ್ಳುತ್ತಾರೆ. 45 ನಿಮಿಷದ ಪೀರಿಯಡ್‌ನಲ್ಲಿ ಹತ್ತು ನಿಮಿಷ ಕಡಿಮೆಯೇನಲ್ಲ, ಅಲ್ವಾ?

ನೋಟ್‌ಬುಕ್ ವಾಪಸ್ ಕೊಡುವುದು ಎರಡನೇ ಸಂದಿ. ಒಬ್ಬೊಬ್ಬರ ಹೆಸರು ಕೂಗಿ ಕೊಟ್ಟರೆ ಅರ್ಧ ಕ್ಲಾಸ್ ಓಡಾಡುತ್ತದೆ. ಬೆಂಚಿಗೆ ನಾಲ್ಕು ಮಕ್ಕಳು, ಸಾಲಿಗೆ ಐದು ಬೆಂಚು ಅಂದರೆ ಮೂರು ಸಾಲು. ಪುಸ್ತಕ ತೆಗೆದುಕೊಳ್ಳುವಾಗಲೇ ಸಾಲಿನ ಪ್ರಕಾರ, ಹಿಂದಿನಿಂದ ಮುಂದಕ್ಕೆ ದಾಟಿಸಿಕೊಂಡು ಮೂರು ಕಟ್ಟು ಮಾಡಿ. ತಿದ್ದುವಾಗ ಕಟ್ಟು ಕಲಸಬೇಡಿ. ಕೊಡುವಾಗ ಅದೇ ಕಟ್ಟನ್ನು ಮುಂದಿನ ಬೆಂಚಿಗೆ ಇಟ್ಟರೆ ಹಿಂದಕ್ಕೆ ತಾನೇ ಹೋಗುತ್ತದೆ. ಅದೂ ಆ ಎರಡು ಲೆಕ್ಕ ಮುಗಿದ ಮೇಲೆ. ಮಕ್ಕಳು ಬರೆಯುತ್ತಿರುವಾಗ ಮಧ್ಯೆ ನೋಟ್‌ಬುಕ್ ಹಂಚಿದರೆ, ಕಟ್ಟಿದ ಶಾಂತಿಯನ್ನು ನಿಮ್ಮ ಕೈಯಾರೆ ಒಡೆದ ಹಾಗೆ.

ಇನ್ನೊಂದು ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ಟೀಚರ್ ಬರುವವರೆಗೆ ಮಾತಾಡಿದವರ ಹೆಸರನ್ನು ಲೀಡರ್ ಬೋರ್ಡ್ ಮೇಲೆ ಬರೆಯುವ ಪದ್ಧತಿ ಬಿಡಿ. ಲೀಡರ್ ತನ್ನ ಗೆಳೆಯರ ಹೆಸರು ಬರೆಯುವುದಿಲ್ಲ, ಆಗದವರ ಹೆಸರು ಬರೆಯುತ್ತಾರೆ. ನೀವು ನೋಡದ ತಪ್ಪಿಗೆ ನೀವು ಶಿಕ್ಷೆ ಕೊಡಬೇಕಾಗುತ್ತದೆ. ತಪ್ಪು ಮಗುವನ್ನು ಹಿಡಿದು ಬೈಯುವುದು, ಅಥವಾ ಗಲಾಟೆ ಹಬ್ಬಿದ ಮೇಲೆ ಕೊನೆಗೆ ಸಿಕ್ಕವನಿಗೆ ಬೈಯುವುದು, ಇವೆರಡನ್ನೂ ಕೌನಿನ್ ಗುರುತಿಸಿದ್ದರು. ಟೀಚರಿಗೆ ನಿಜವಾಗಿ ಏನೂ ಕಾಣುತ್ತಿಲ್ಲ ಅಂತ ಮಕ್ಕಳಿಗೆ ಅದರಿಂದ ಗೊತ್ತಾಗಿಬಿಡುತ್ತದೆ. ಅದೇ ಲೀಡರ್ ಕೈಗೆ ಎರಡು ಲೆಕ್ಕದ ಚೀಟಿ ಕೊಟ್ಟರೆ ಇಂಥ ಜಗಳಕ್ಕೆ ಎಡೆಯೇ ಇಲ್ಲ.

ಶಿಸ್ತು ಕ್ರಮವೇ ಬೇಡ ಅಂತ ನಾನು ಹೇಳುತ್ತಿಲ್ಲ. ಯಾವಾಗ ಬೇಕು ಅಂತ ತಿಳಿಯಲು ಒಂದು ವಾರ ಸುಮ್ನೆ ಗಮನಿಸಿ. ನೀವು ಬಂದ ಮೇಲೆ ಎಲ್ಲರ ಕೈಯಲ್ಲೂ ಪೆನ್ನು ಬರಲು ಎಷ್ಟು ಹೊತ್ತಾಗುತ್ತದೆ? ಶುರು ಮಾಡದವರು ಯಾರು? ದಿನವೂ ಬೇರೆ ಬೇರೆ ಮಕ್ಕಳು, ಹತ್ತು ಹನ್ನೆರಡು ಜನ ಇದ್ದರೆ ತೊಂದರೆ ರೂಢಿಯಲ್ಲಿದೆ, ಅದನ್ನು ಮತ್ತೆ ಕಲಿಸಿ. ದಿನವೂ ಅದೇ ಇಬ್ಬರು ಆಗಿದ್ದರೆ ರೂಢಿಯನ್ನು ಮುಟ್ಟಬೇಡಿ, ಆ ಇಬ್ಬರ ಹತ್ತಿರ ಹೋಗಿ. ಮೊದಲು ಪಕ್ಕದಲ್ಲಿ ನಿಂತು ಪುಸ್ತಕದ ಮೇಲೆ ಬೆರಳಿಡಿ. ಆಗಲಿಲ್ಲವೆಂದರೆ ತಗ್ಗಿದ ದನಿಯಲ್ಲಿ ಹೆಸರು ಹಿಡಿದು ಮಾಡಬೇಕಾದ ಕೆಲಸ ಹೇಳಿ: "ತಾರೀಕು ಹಾಕು, ಮೊದಲನೇ ಲೆಕ್ಕ ಶುರು ಮಾಡು." ಹೇಳಿದ ಕೂಡಲೇ ಅಲ್ಲಿಂದ ಸರಿಯಿರಿ. ಎದುರು ನಿಂತೇ ಇದ್ದರೆ ಗೆಳೆಯರ ಮುಂದೆ ಸೋಲಲು ಹದಿನಾಲ್ಕರ ಹುಡುಗ ಒಪ್ಪುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಪೀರಿಯಡ್ ಮುಗಿದ ಮೇಲೆ ಒಬ್ಬನನ್ನೇ ಕರೆದು ಮಾತಾಡಿ. ಎಷ್ಟೋ ಸಲ ಆ ಮಗುವಿಗೆ 6ನೇ ಕ್ಲಾಸಿನ ಗುಣಾಕಾರವೇ ಬಾರದು ಅಂತ ಅಲ್ಲೇ ಗೊತ್ತಾಗುತ್ತದೆ. ಅದಕ್ಕೆ ಬೇಕಾದದ್ದು ಬೇರೆ ಲೆಕ್ಕ, ಬೇರೆ ಸಮಯ.

ಕೋಲು, ಬಸ್ಕಿ, ಎಲ್ಲರೆದುರು ಅವಮಾನ ಮಾಡುವುದು ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಆ ಕಾಯ್ದೆ 6ರಿಂದ 14 ವರ್ಷದವರಿಗೆ, ನಮ್ಮ 9ನೇ ಕ್ಲಾಸಿನವರಿಗೆ ಹದಿನೈದು ಅಂತ ಯಾರಾದರೂ ವಾದ ಮಾಡಿದರೆ ದಯವಿಟ್ಟು ಕಿವಿಗೊಡಬೇಡಿ.

ದಸರಾ ರಜೆ ಮುಗಿಸಿ ಬಂದ ವಾರ ಈ ರೂಢಿ ಅರ್ಧ ಮರೆತುಹೋಗಿರುತ್ತದೆ. ಆಗ ಗಾಬರಿಯಾಗದೆ ಜೂನ್‌ನಲ್ಲಿ ಮಾಡಿದ ಹಾಗೆಯೇ ಎರಡು ದಿನ ಮತ್ತೆ ಅಭ್ಯಾಸ ಮಾಡಿಸಿ, ಲೀಡರ್ ಬದಲಾಗಿದ್ದರೆ ಹೊಸಬರಿಗೆ ಚೀಟಿಯ ಕೆಲಸವನ್ನು ಹೇಳಿಕೊಡಿ.