ಟೈಟಲ್‌ನಲ್ಲಿ ಏನಿರಲಿ, ಬುಲೆಟ್‌ನಲ್ಲಿ ಏನಿರಲಿ: ಒಂದು ಇಳಕಲ್ ಸೀರೆಯ ಲೆಕ್ಕ

ಪ್ರಶ್ನೆ: ಮನೆಯಿಂದಲೇ ಇಳಕಲ್ ಸೀರೆ ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದ್ದೇವೆ. ಟೈಟಲ್, ಬುಲೆಟ್, ಡಿಸ್ಕ್ರಿಪ್ಷನ್ ಅಂತ ಮೂರು ಜಾಗ ಇದೆ. ಯಾವುದನ್ನು ಎಲ್ಲಿ ಬರೆಯಬೇಕು? ಎಲ್ಲವನ್ನೂ ಟೈಟಲ್‌ಗೇ ಹಾಕಿದರೆ ಆಗುತ್ತಾ?

ಉತ್ತರ:

ಆಗಲ್ಲ. ನಾನೂ ಮೊದಲು ಹಾಗೇ ಮಾಡಿದ್ದೆ. ಟೈಟಲ್‌ನಲ್ಲಿ ಮದುವೆ, ಹಬ್ಬ, ಪಾರ್ಟಿ, ಗಿಫ್ಟ್ ಎಲ್ಲಾ ತುಂಬಿದ್ದೆ. ಆದರೆ 'ಬ್ಲೌಸ್ ಪೀಸ್ ಇಲ್ಲ' ಅನ್ನುವ ಮಾತು ಮಾತ್ರ ಡಿಸ್ಕ್ರಿಪ್ಷನ್‌ನ ಕೊನೆಯ ಸಾಲಿನಲ್ಲಿತ್ತು. ಅಲ್ಲಿಯವರೆಗೆ ಯಾರು ಓದುತ್ತಾರೆ? ಸೀರೆಗಳು ಒಂದರ ಹಿಂದೆ ಒಂದು ವಾಪಸ್ ಬಂದವು. ಬಂದು ಹೋಗುವ ಖರ್ಚು ನನ್ನ ತಲೆ ಮೇಲೆ.

ಆಮೇಲಿಂದ ಪ್ರತಿ ವಿವರಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಓದದೇ ಕೊಂಡರೆ ಸೀರೆ ವಾಪಸ್ ಬರುತ್ತಾ? ಬರುತ್ತೆ ಅನ್ನಿಸಿದರೆ ಆ ವಿವರ ಮೇಲಕ್ಕೆ ಹೋಗಬೇಕು.

ಟೈಟಲ್ ಇರೋದು ಹುಡುಕುವವರಿಗೆ ಸಿಗೋದಕ್ಕೆ, ಮತ್ತೆ 'ಇದು ನಾನು ಹುಡುಕ್ತಿರೋದೇ' ಅಂತ ಅವರಿಗೆ ಗೊತ್ತಾಗೋದಕ್ಕೆ. ಅಮೆಜಾನ್ 2025ರ ಜನವರಿಯಲ್ಲಿ ತಂದ ನಿಯಮದಲ್ಲಿ ಹೆಚ್ಚಿನ ವಿಭಾಗಗಳಿಗೆ 200 ಅಕ್ಷರದವರೆಗೆ ಜಾಗ ಇತ್ತು. ಒಂದೇ ಪದವನ್ನು ಟೈಟಲ್‌ನಲ್ಲಿ ಎರಡಕ್ಕಿಂತ ಜಾಸ್ತಿ ಸಲ ಬಳಸುವಂತಿಲ್ಲ ಅನ್ನುವುದೂ ಆಗಲೇ ಬಂತು. ಹಾಗಂತ ಇರುವ ಜಾಗ ಪೂರ್ತಿ ತುಂಬಬೇಕಾಗಿಲ್ಲ. ಫೋನ್‌ನಲ್ಲಿ ಹುಡುಕಿದಾಗ ಉದ್ದನೆಯ ಟೈಟಲ್ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಮುಖ್ಯವಾದದ್ದೆಲ್ಲ ಮೊದಲ ಹತ್ತು ಪದಗಳಲ್ಲೇ ಬರಬೇಕು. ನನ್ನ ಈಗಿನ ಟೈಟಲ್ ಇಷ್ಟೇ:

'ಇಳಕಲ್ ಕೈಮಗ್ಗದ ಕಾಟನ್ ಸೀರೆ, ಆರ್ಟ್ ಸಿಲ್ಕ್ ಸೆರಗು, ಬ್ಲೌಸ್ ಪೀಸ್ ಇಲ್ಲದ್ದು, ಮರೂನ್.'

ಇಲ್ಲಿ 'ಕಾಟನ್' ಮತ್ತು 'ಆರ್ಟ್ ಸಿಲ್ಕ್', ಅಂದರೆ ಕೃತಕ ರೇಷ್ಮೆ, ಎರಡೂ ಬೇಕೇ ಬೇಕು. ಸುಮ್ನೆ 'ಇಳಕಲ್ ಸಿಲ್ಕ್ ಸೀರೆ' ಅಂತ ಬರೆದರೆ ಜನ ಪೂರ್ತಿ ರೇಷ್ಮೆ ಅಂದುಕೊಳ್ಳುತ್ತಾರೆ. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್ ಅಂತ ಕೈಗೆ ಬಂದಾಗಲೇ ತಿಳಿದರೆ ಮೋಸ ಹೋದೆ ಅನ್ನಿಸುತ್ತದೆ, ಅಲ್ವಾ? 'ಕೈಮಗ್ಗ' ಅಂತಲೂ ನಿಜವಾಗಿ ಕೈಮಗ್ಗದ್ದಾದರೆ ಮಾತ್ರ ಬರೆಯಿರಿ. ಪವರ್‌ಲೂಮ್‌ನಲ್ಲಿ ನೇಯ್ದ ಇಳಕಲ್ ಸೀರೆಗಳೂ ಮಾರುಕಟ್ಟೆಯಲ್ಲಿ ಇವೆ. ಮದುವೆ, ಹಬ್ಬದಂಥ ಪದಗಳಿಗೆ, `Ilkal`, `Ilakal` ಅಂತ ಬೇರೆ ಬೇರೆ ಸ್ಪೆಲ್ಲಿಂಗ್‌ಗಳಿಗೆ ಮಾರುವವರ ಖಾತೆಯ ಒಳಗಡೆ ಸರ್ಚ್ ಟರ್ಮ್ಸ್ ಅನ್ನುವ ಜಾಗ ಇದೆ. ಗ್ರಾಹಕರಿಗೆ ಅದು ಕಾಣಿಸಲ್ಲ.

ಬುಲೆಟ್‌ಗಳ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವಾಗ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ಉದ್ದ ಎಷ್ಟು ಮೀಟರ್? ಬ್ಲೌಸ್ ಬರುತ್ತಾ? ದಡಿ ಎಷ್ಟು ಇಂಚು? ಬಣ್ಣ ಬಿಡುತ್ತಾ? ಅವರು ಕೇಳುವ ಕ್ರಮದಲ್ಲೇ ಉತ್ತರ ಬರೆಯಿರಿ, ಒಂದು ಬುಲೆಟ್‌ಗೆ ಒಂದೇ ವಿಷಯ. 'ಸೀರೆಯ ಉದ್ದ 5.5 ಮೀಟರ್, ಬ್ಲೌಸ್ ಪೀಸ್ ಬೇರೆ ತಗೋಬೇಕು' ಅಂತ ನೇರವಾಗಿ ಹೇಳಿ. ಟೈಟಲ್‌ನಲ್ಲಿದೆಯಲ್ಲ ಅಂತ ಇಲ್ಲಿ ಬಿಡಬೇಡಿ. 'ಅತ್ಯುತ್ತಮ ಗುಣಮಟ್ಟ' ಅನ್ನುವಂಥ ಸಾಲಿಗೆ ಇಲ್ಲಿ ಜಾಗ ಕೊಡಬೇಡಿ, ಅದು ಯಾವ ಪ್ರಶ್ನೆಗೂ ಉತ್ತರ ಅಲ್ಲ.

ಒಂದು ವಿವರ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಹಾಸು ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ಎಳೆಗಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸೆರಗು ಶುರುವಾಗುವಲ್ಲಿ ಬೆರಳಾಡಿಸಿದರೆ ಆ ಸೇರಿಕೆ ಒಂದು ಸಣ್ಣ ಗೆರೆಯ ಹಾಗೆ ಕೈಗೆ ಸಿಗುತ್ತದೆ. ಅದೇ ಈ ಸೀರೆಯ ಕಸುಬು. ಅದನ್ನು ಡಿಸ್ಕ್ರಿಪ್ಷನ್‌ನಲ್ಲಿ ಪ್ರೀತಿಯಿಂದ ವಿವರಿಸಿದ್ದೆ. ಆದರೆ ಒಬ್ಬರು ಆ ಗೆರೆಯ ಫೋಟೋ ತೆಗೆದು 'ಡ್ಯಾಮೇಜ್ ಆಗಿದೆ, ಹೊಲಿಗೆ ಹಾಕಿದ್ದಾರೆ' ಅಂತ ಸೀರೆ ವಾಪಸ್ ಮಾಡಿದರು. ಸ್ವಲ್ಪ ದಿನಕ್ಕೆ ಇನ್ನೊಬ್ಬರದ್ದೂ ಅದೇ ದೂರು. ಆಗ ಅದನ್ನು ಮೂರನೇ ಬುಲೆಟ್‌ಗೆ ತಂದೆ: 'ಸೆರಗು ಸೇರುವಲ್ಲಿ ಕಾಣುವ ಗೆರೆ ಕೈಯಿಂದ ಕೊಂಡಿ ಹಾಕಿದ ಗುರುತು, ಹೊಲಿಗೆ ಅಲ್ಲ.' ಜೊತೆಗೆ ಆ ಜಾಗದ ಹತ್ತಿರದ ಫೋಟೋ ಒಂದು ಹಾಕಿದೆ. ಆ ದೂರು ಮತ್ತೆ ಬಂದಿಲ್ಲ.

ಡಿಸ್ಕ್ರಿಪ್ಷನ್‌ಗೆ ಉಳಿಯುವುದು ನಿಧಾನವಾಗಿ ಓದುವವರಿಗೆ ಬೇಕಾದ ವಿಷಯ. ಸೆರಗಿನ ಕೆಂಪು ಬಿಳಿ ವಿನ್ಯಾಸ, ನೇಯ್ಗೆಯ ಕಥೆ, ಮಡಚಿಡುವ ರೀತಿ ಇಲ್ಲಿರಲಿ. ಒಗೆಯುವ ವಿಷಯ ಎರಡೂ ಕಡೆ ಬೇಕು. ಬುಲೆಟ್‌ನಲ್ಲಿ 'ಮೊದಲ ಎರಡು ಸಲ ತಣ್ಣೀರಲ್ಲಿ, ಬೇರೆಯಾಗಿ ಒಗೆಯಿರಿ' ಅಂತ ಒಂದೇ ಸಾಲು. ನೆನೆಹಾಕಬೇಡಿ, ಹಿಂಡಬೇಡಿ, ನೆರಳಲ್ಲಿ ಒಣಗಿಸಿ ಅನ್ನುವುದೆಲ್ಲ ಡಿಸ್ಕ್ರಿಪ್ಷನ್‌ನಲ್ಲಿ.

ಇನ್ನೊಂದು ಮರೆಯಬೇಡಿ. ಬಟ್ಟೆ, ಬಣ್ಣ, ಉದ್ದಕ್ಕೆ ಪ್ರತ್ಯೇಕ ಕಾಲಂಗಳಿವೆ. ಗ್ರಾಹಕರು ಪಕ್ಕದ ಫಿಲ್ಟರ್‌ನಲ್ಲಿ 'ಕಾಟನ್' ಅಂತ ಒತ್ತಿದಾಗ ನೋಡುವುದು ಆ ಕಾಲಂ. ಅಲ್ಲಿ 'ಸಿಲ್ಕ್' ಅಂತ ಇದ್ದರೆ ನಿಮ್ಮ ಕಾಟನ್ ಸೀರೆ ಆ ಪಟ್ಟಿಯಲ್ಲಿ ಬರದೇ ಹೋಗಬಹುದು, ಟೈಟಲ್ ಎಷ್ಟು ಸರಿ ಇದ್ದರೂ.

ತಿಂಗಳಿಗೊಮ್ಮೆ ರಿಟರ್ನ್ ರಿಪೋರ್ಟ್ ತೆಗೆದು, ಗ್ರಾಹಕರು ಬರೆದ ಕಾರಣಗಳನ್ನು ಓದಿ. ಒಂದೇ ಮಾತು ಎರಡನೇ ಸಲ ಕಂಡರೆ ಆ ವಿವರವನ್ನು ಅಂದೇ ಬುಲೆಟ್‌ಗೆ ತನ್ನಿ. ಜಾಗ ಇಲ್ಲದಿದ್ದರೆ ಯಾರೂ ಕೇಳದ ಬುಲೆಟ್ ಒಂದನ್ನು ಕೆಳಗೆ ಡಿಸ್ಕ್ರಿಪ್ಷನ್‌ಗೆ ಇಳಿಸಿ.