ಟ್ರೆಂಡ್ ಮುಗಿದಾಗ ಕ್ರಾಸೋವರ್ ಆಫ್ ಮಾಡೋದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವನು. ನಿಫ್ಟಿಯಲ್ಲಿ ಮೂವಿಂಗ್ ಆವರೇಜ್ ಕ್ರಾಸೋವರ್ ಟ್ರೆಂಡ್ ಇದ್ದಾಗ ದುಡ್ಡು ಕೊಡುತ್ತೆ, ಮಾರ್ಕೆಟ್ ಅಲ್ಲಲ್ಲೇ ಸುತ್ತಿದಾಗ ಎಲ್ಲಾ ಕಳೆಯುತ್ತೆ. ಯಾವಾಗ ನಿಲ್ಲಿಸಬೇಕು?

ಉತ್ತರ: ಎಫಿಷಿಯೆನ್ಸಿ ರೇಷಿಯೋ ನೋಡಿ. 10 ದಿನದಲ್ಲಿ ಬೆಲೆ ಒಟ್ಟಾರೆ ಎಷ್ಟು ಸರಿಯಿತೋ ಅದನ್ನು, ಏರಿಕೆ ಇಳಿಕೆ ಅಂತ ನೋಡದೆ ದಿನದಿನದ ಬದಲಾವಣೆ ಕೂಡಿದ ಮೊತ್ತದಿಂದ ಭಾಗಿಸಿ. ಚಿತ್ರದುರ್ಗಕ್ಕೆ ಹೋದ ಬಸ್ಸೂ ಪಿಬಿ ರಸ್ತೆಯಲ್ಲೇ ಹಿಂದೆ ಮುಂದೆ ಓಡಿದ ಆಟೋನೂ ಅಷ್ಟೇ ಕಿಲೋಮೀಟರ್ ಓಡಿರಬಹುದು, ಆದರೆ ಆಟೋ ಇದ್ದಲ್ಲೇ ಇರುತ್ತೆ ಅಲ್ವಾ?

ನಿಫ್ಟಿ ದಿನಕ್ಕೆ ಸರಾಸರಿ 100 ಪಾಯಿಂಟ್ ಆಡಿ, ಕೊನೆಗೆ 600 ಮೇಲೆ ನಿಂತರೆ 600/1000, ಅಂದರೆ 0.6. ಟ್ರೆಂಡ್ ಇದೆ. ಬರೀ 150 ಸರಿದಿದ್ದರೆ 0.15, ಕ್ರಾಸೋವರ್‌ಗೆ ಅಲ್ಲಿ ಕೆಲಸ ಇಲ್ಲ.

ಒಂದೇ ಗೆರೆ ಇಡಬೇಡಿ, ಸುಮ್ನೆ ದಿನಾ ಆನ್ ಆಫ್ ಆಗುತ್ತೆ. 0.4 ದಾಟಿದರೆ ಆನ್, 0.2ಕ್ಕಿಂತ ಇಳಿದರೆ ಆಫ್, ನಡುವೆ ಇದ್ದರೆ ಹಿಂದೆ ಹೇಗಿತ್ತೋ ಹಾಗೇ. ಈ ಅಂಕಿಗಳು ಬರೀ ಶುರುವಿಗೆ, ಹಳೇ ಡೇಟಾದಲ್ಲಿ ನೀವೇ ಪರೀಕ್ಷಿಸಿ. ಆಫ್ ಅಂದರೆ ಹೊಸ ಎಂಟ್ರಿ ಇಲ್ಲ ಅಂತ ಅಷ್ಟೇ, ಇರುವ ಪೊಸಿಷನ್ ತನ್ನ ಸ್ಟಾಪ್‌ಲಾಸ್‌ನಲ್ಲೇ ಮುಗಿಯಲಿ. ಇದು ಹಿಂದಿನ 10 ದಿನ ನೋಡಿ ಹೇಳುವ ಲೆಕ್ಕ, ಹಾಗಾಗಿ ಹೊಸ ಟ್ರೆಂಡ್‌ನ ಮೊದಲ ಕೆಲವು ದಿನ ಕೈ ತಪ್ಪೇ ತಪ್ಪುತ್ತೆ.