ಕೆಲಸ ಹೋದಾಗ ಹೋಮ್ ಲೋನ್ ಕಂತು ಬದಲಿಸಿಕೊಡಿ ಅಂತ ಬ್ಯಾಂಕಿಗೆ ಬರೆಯುವುದು ಹೇಗೆ?

ಪ್ರಶ್ನೆ: ಕಳೆದ ತಿಂಗಳು ಕೆಲಸ ಹೋಯಿತು. ಹೋಮ್ ಲೋನ್ ಇನ್ನೂ 24 ಲಕ್ಷ ಇದೆ, ಬಡ್ಡಿ ಶೇ 9, ಉಳಿದಿರುವುದು 12 ವರ್ಷ, ಇಎಂಐ 27,313. ಆರು ತಿಂಗಳು ಇಎಂಐ ನಿಲ್ಲಿಸಿ ಅಂತ ಪತ್ರ ಬರೆಯುವುದು ಹೇಗೆ? ಒಂದೆರಡು ಕಂತು ಬೌನ್ಸ್ ಆದ ಮೇಲೆ ಕೊಟ್ಟರೆ ನಮ್ಮ ಕಷ್ಟ ಬ್ಯಾಂಕಿಗೆ ಅರ್ಥವಾಗುತ್ತೆ ಅಂತಾರೆ, ನಿಜವಾ?

ಉತ್ತರ: ದಯವಿಟ್ಟು ಬೌನ್ಸ್ ಮಾಡಬೇಡಿ. ನಾನು ಮಾಡಿದ್ದು ಇದೇ, ಇದೊಂದೇ ತಪ್ಪು. ಖಾತೆಯಲ್ಲಿ ದುಡ್ಡಿತ್ತು. ಕಂಪನಿ ಕೊಟ್ಟ ನೋಟಿಸ್ ಅವಧಿಯ ಸಂಬಳವನ್ನು ಬೇರೆ ಬ್ಯಾಂಕಿನಲ್ಲಿ ಇಟ್ಟಿದ್ದೆ. ಕಟ್ಟಿದರೆ 'ಇವನಿಗೆ ಕಟ್ಟುವ ಶಕ್ತಿ ಇದೆ' ಅಂದುಕೊಳ್ಳುತ್ತಾರೆ ಅನ್ನುವ ಭಯಕ್ಕೆ ಜೂನ್ 5ರ ಕಂತು ಬಿಟ್ಟೆ, ಜುಲೈ ಬಿಟ್ಟೆ, ಆಗಸ್ಟ್ ಬಿಟ್ಟೆ. ಆಗಸ್ಟ್ 18ಕ್ಕೆ ಪತ್ರ ಕೊಟ್ಟೆ. ಮ್ಯಾನೇಜರ್ ಕ್ಯಾಲೆಂಡರ್ ನೋಡಿ, "ಇದು ರೀಜನಲ್ ಆಫೀಸಿಗೆ ಹೋಗಿ ಬರುವಷ್ಟು ದಿನ ನಿಮ್ಮ ಹತ್ತಿರ ಇಲ್ಲವಲ್ಲ ಸರ್" ಅಂದರು.

ಅವರು ಎಣಿಸಿದ ದಿನಗಳನ್ನು ನೀವೂ ಎಣಿಸಲು ಕಲಿಯಿರಿ. ಬಾಕಿಯ ಎಣಿಕೆ ಶುರುವಾಗುವುದು ಕಟ್ಟದೆ ಉಳಿದ ಅತ್ಯಂತ ಹಳೆಯ ಕಂತಿನಿಂದ. ಜೂನ್ 5ರ ಕಂತು ಆ ದಿನದ ಲೆಕ್ಕ ಮುಗಿಯುವಷ್ಟರಲ್ಲಿ ಬರದಿದ್ದರೆ ಖಾತೆ ಅಂದೇ ಎಸ್‌ಎಂಎ-0, ಅಂದರೆ ಬಾಕಿ ಬಿದ್ದ ಸಾಲದ ಮೊದಲ ಎಚ್ಚರಿಕೆಯ ಹಂತ. ಜುಲೈ 5ಕ್ಕೆ ಎಸ್‌ಎಂಎ-1, ಆಗಸ್ಟ್ 4ಕ್ಕೆ ಎಸ್‌ಎಂಎ-2, ಸೆಪ್ಟೆಂಬರ್ 3ಕ್ಕೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. 2021ರ ನವೆಂಬರ್ 12ರ ಆರ್‌ಬಿಐ ಸುತ್ತೋಲೆಯ ಪ್ರಕಾರ ಈ ವರ್ಗೀಕರಣ ಪ್ರತಿ ದಿನದ ಕೊನೆಗೆ ನಡೆಯುತ್ತದೆ. ಮ್ಯಾನೇಜರ್ ಒಳ್ಳೆಯವರಾದರೂ ಅದನ್ನು ತಡೆಹಿಡಿಯಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.

ನನಗೆ ಆಗ ಗೊತ್ತಿರದ ಸಂಗತಿ ಇದು: ಆಗಸ್ಟ್ 18ಕ್ಕೆ ಒಂದೇ ಒಂದು ಕಂತು ಕಟ್ಟಿದ್ದರೂ ಜೂನ್ ಬಾಕಿ ತೀರಿ, ಹಳೆಯ ಬಾಕಿ ಜುಲೈ 5ರದ್ದಾಗುತ್ತಿತ್ತು. ಗಡುವು ಅಕ್ಟೋಬರ್ 3ಕ್ಕೆ ಹೋಗುತ್ತಿತ್ತು. ಒಂದು ಕಂತಿಗೆ 30 ದಿನ ಸಿಗುತ್ತಿತ್ತು, ಪತ್ರದ ಮೇಲೆ ತೀರ್ಮಾನ ಆಗಲು ಬೇಕಿದ್ದದ್ದೂ ಅಷ್ಟೇ. ಬದಲಿಗೆ ಸೆಪ್ಟೆಂಬರ್ 3 ದಾಟಿತು. ಒಮ್ಮೆ ಎನ್‌ಪಿಎ ಆದ ಮೇಲೆ ಒಂದೆರಡು ಕಂತು ಕಟ್ಟಿದರೆ ಖಾತೆ ಸರಿಹೋಗುವುದಿಲ್ಲ. ಅಸಲು, ಬಡ್ಡಿ ಎರಡರ ಬಾಕಿಯೂ ಪೂರ್ತಿ ತೀರಿದ ಮೇಲೆಯೇ ಅದು ಮತ್ತೆ ಸ್ಟ್ಯಾಂಡರ್ಡ್ ಆಗುವುದು. ನಾನು ಎರಡು ಕಂತು ಹೊಂದಿಸಿಕೊಂಡು ಹೋದಾಗ ಇನ್ನೂ ಎರಡು ಬಾಕಿ ಇತ್ತು. ಕಂತಿನ ಷರತ್ತು ಬದಲಿಸುವ, ಅಂದರೆ ಪುನರ್‌ರಚನೆಯ ಮಾತು ಅಲ್ಲಿಗೇ ನಿಂತಿತು. ಪ್ರತಿ ಬೌನ್ಸಿಗೂ ಕಂತು ಕಡಿತವಾಗುವ ಖಾತೆಯ ಬ್ಯಾಂಕು, ಸಾಲ ಕೊಟ್ಟ ಬ್ಯಾಂಕು ಎರಡೂ ಶುಲ್ಕ ಹಿಡಿದಿದ್ದವು, ಸಾಲ ಕೊಟ್ಟ ಬ್ಯಾಂಕಿನ ದಂಡ ಶುಲ್ಕ ಅದರ ಮೇಲೆ. ಕಷ್ಟ ತೋರಿಸಲು ಬ್ಯಾಂಕಿಗೆ ಕಾಗದ ಬೇಕು. ಬೌನ್ಸ್ ಆದ ಕಂತು ತೋರಿಸುವುದು ನೀವು ಕಟ್ಟಲಿಲ್ಲ ಅನ್ನುವುದನ್ನು ಮಾತ್ರ.

ಇನ್ನು 'ಆರು ತಿಂಗಳು ಇಎಂಐ ನಿಲ್ಲಿಸಿ' ಅನ್ನುವ ಬೇಡಿಕೆ. ಇದನ್ನೇ ಕೇಳಬೇಡಿ ಅನ್ನುತ್ತೇನೆ. ನಿಮ್ಮ 24 ಲಕ್ಷಕ್ಕೆ ಶೇ 9ರಂತೆ ತಿಂಗಳ ಬಡ್ಡಿ 18,000. ಅಂದರೆ 27,313ರಲ್ಲಿ ಅಸಲಿಗೆ ಹೋಗುವುದು 9,313 ಮಾತ್ರ. ಆರು ತಿಂಗಳು ಏನೂ ಕಟ್ಟದಿದ್ದರೆ ಬಡ್ಡಿ ಅಸಲಿಗೆ ಸೇರಿ ಸಾಲ ಸುಮಾರು 25,10,000 ಆಗುತ್ತದೆ. ಆಮೇಲೆ ಅದೇ 27,313 ಕಟ್ಟುತ್ತಾ ಹೋದರೆ 144 ಕಂತಿಗೆ ಮುಗಿಯುವುದಿಲ್ಲ, 156 ದಾಟುತ್ತದೆ. ಹನ್ನೆರಡಕ್ಕೂ ಹೆಚ್ಚು ಕಂತು, ಸುಮಾರು 3.4 ಲಕ್ಷ ಹೆಚ್ಚುವರಿ.

ಅದರ ಬದಲು ಆರು ತಿಂಗಳು ಬಡ್ಡಿ ಮಾತ್ರ, ಅಂದರೆ 18,000 ಕಟ್ಟುತ್ತೇನೆ ಅಂತ ಕೇಳಿ. ಸಾಲ 24 ಲಕ್ಷದಲ್ಲೇ ನಿಲ್ಲುತ್ತದೆ, ಏಳನೇ ತಿಂಗಳಿಂದ ಅದೇ 27,313, ಸಾಲ ಮುಗಿಯುವ ದಿನ ಆರು ತಿಂಗಳು ಮುಂದೆ ಹೋಗುತ್ತದೆ ಅಷ್ಟೇ. ಹೆಚ್ಚುವರಿ ಹೊರೆ 1,08,000. ಬ್ಯಾಂಕಿಗೂ ಇದು ಒಪ್ಪಲು ಸುಲಭ, ಯಾಕೆಂದರೆ ಬಾಕಿ ಬೆಳೆಯುವುದಿಲ್ಲ.

ಕೌಂಟರಿನಲ್ಲಿ 'ಅವಧಿ ವಿಸ್ತರಿಸಿಬಿಡೋಣ' ಅನ್ನಬಹುದು. 12 ವರ್ಷವನ್ನು 20 ಮಾಡಿದರೂ ಕಂತು 21,593ಕ್ಕೆ ಇಳಿಯುತ್ತದೆ, ಉಳಿತಾಯ 5,720. ಕೊನೆಗೆ ಸುಮಾರು 12.5 ಲಕ್ಷ ಹೆಚ್ಚು ಕಟ್ಟಿರುತ್ತೀರಿ. ತಾತ್ಕಾಲಿಕ ತೊಂದರೆಗೆ ಎಂಟು ವರ್ಷದ ಪರಿಹಾರ ಬೇಡ.

ಬ್ಯಾಂಕು ಯಾಕೆ ಹಿಂಜರಿಯುತ್ತದೆ ಅನ್ನುವುದೂ ತಿಳಿದಿರಲಿ. ಸಾಲಗಾರನ ಹಣಕಾಸಿನ ತೊಂದರೆಯ ಕಾರಣಕ್ಕೆ ಷರತ್ತು ಸಡಿಲಿಸಿದರೆ ಅದು ಆರ್‌ಬಿಐ ಲೆಕ್ಕದಲ್ಲಿ ಪುನರ್‌ರಚನೆ. ಸಾಮಾನ್ಯ ನಿಯಮದಲ್ಲಿ ಹಾಗೆ ಮಾಡಿದ ಖಾತೆಯ ದರ್ಜೆ ಇಳಿಯುತ್ತದೆ, ಬ್ಯಾಂಕು ಅದಕ್ಕೆ ಹೆಚ್ಚು ಹಣ ತೆಗೆದಿಡಬೇಕು. 2020 ಮತ್ತು 2021ರಲ್ಲಿ ಕೋವಿಡ್‌ಗಾಗಿ ಕೊಟ್ಟಿದ್ದ ವಿನಾಯಿತಿ ಮುಗಿದಿದೆ, ಪತ್ರದಲ್ಲಿ ಆ ಸುತ್ತೋಲೆಗಳನ್ನು ಉಲ್ಲೇಖಿಸಬೇಡಿ. ನಿಮ್ಮ ಕ್ರೆಡಿಟ್ ವರದಿಯಲ್ಲೂ 'ಪುನರ್‌ರಚಿತ' ಅಂತ ಬರಬಹುದು. ಅದಕ್ಕೇ ನನ್ನ ಅಭಿಪ್ರಾಯ: ಕೈಯಲ್ಲಿರುವ ದುಡ್ಡು, ಎಫ್‌ಡಿ, ಮನೆಯವರ ಸಹಾಯ ಸೇರಿ ಮೂರ್ನಾಲ್ಕು ಕಂತು ನಡೆಯುತ್ತದೆ, ಅಷ್ಟರಲ್ಲಿ ಕೆಲಸ ಸಿಗುವ ಗಟ್ಟಿ ನಂಬಿಕೆಯೂ ಇದೆ ಅಂದರೆ ಪುನರ್‌ರಚನೆ ಕೇಳಲೇಬೇಡಿ. ಅದಕ್ಕಿಂತ ಹೆಚ್ಚು ಕಾಲ ಅನ್ನಿಸಿದರೆ ಇವತ್ತೇ ಕೇಳಿ, ಒಂದು ಕಂತೂ ತಪ್ಪುವ ಮೊದಲೇ.

ಪತ್ರ ಒಂದು ಪುಟ ಮೀರದಿರಲಿ. ನಿಮ್ಮ ಮನೆಯ ಲೆಕ್ಕ ನನಗೆ ಗೊತ್ತಿಲ್ಲ, ಮನೆಯಲ್ಲಿ ಇನ್ನೊಂದು ಸಂಬಳ ಇದೆ ಅಂದುಕೊಂಡು ಬರೆದಿದ್ದೇನೆ. ಅಂಕಿ ನಿಮ್ಮದು ಹಾಕಿಕೊಳ್ಳಿ.

"ಇವರಿಗೆ, ಶಾಖಾ ವ್ಯವಸ್ಥಾಪಕರು. ವಿಷಯ: ಗೃಹಸಾಲ ಖಾತೆ ಸಂಖ್ಯೆ ……, ಆರು ಕಂತುಗಳಿಗೆ ಬಡ್ಡಿ ಮಾತ್ರ ಪಾವತಿಸಲು ಅನುಮತಿ ಕೋರಿ.

ಮಾನ್ಯರೇ, ನಾನು ಮತ್ತು ನನ್ನ ಪತ್ನಿ ಮೇಲ್ಕಂಡ ಸಾಲದ ಜಂಟಿ ಸಾಲಗಾರರು. ಜೂನ್ 5ರವರೆಗಿನ ಎಲ್ಲ ಕಂತುಗಳೂ ಪಾವತಿಯಾಗಿವೆ, ಬಾಕಿ ಇಲ್ಲ. ಮೇ 31ರಂದು ಸಂಸ್ಥೆಯು ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿದೆ (ಲಗತ್ತು 1). ನನ್ನ ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 62,000 (ಲಗತ್ತು 2). ಈಗ ಮನೆಯ ಆದಾಯ ಪತ್ನಿಯ ಸಂಬಳ 38,000 ಮಾತ್ರ (ಲಗತ್ತು 3). ದಿನಸಿ, ಶಾಲಾ ಶುಲ್ಕ, ಔಷಧಿ, ವಿದ್ಯುತ್ ಸೇರಿ ಅನಿವಾರ್ಯ ಖರ್ಚು 19,500 (ಲಗತ್ತು 4). ಉಳಿಯುವುದು 18,500. ಬೇರೆ ಸಾಲ ಇಲ್ಲ.

ಅಂತಿಮ ಲೆಕ್ಕವಾಗಿ ಬಂದ 1,40,000ದಲ್ಲಿ ಜುಲೈ 5ರ ಕಂತು 27,313 ಪೂರ್ತಿ ಕಟ್ಟುತ್ತೇನೆ. ಆಗಸ್ಟ್ 5ರಿಂದ ಜನವರಿ 5ರವರೆಗಿನ ಆರು ಕಂತುಗಳಿಗೆ ಬಡ್ಡಿ ಮಾತ್ರ, ಸುಮಾರು 18,000, ಪಾವತಿಸಲು ಅನುಮತಿ ಕೊಟ್ಟು, ಸಾಲದ ಅವಧಿಯನ್ನು ಆರು ತಿಂಗಳು ವಿಸ್ತರಿಸಬೇಕಾಗಿ ಕೋರುತ್ತೇವೆ. ಫೆಬ್ರವರಿ 5ರಿಂದ ಪೂರ್ಣ ಕಂತು ಕಟ್ಟುತ್ತೇವೆ. ಮೊದಲೇ ಕೆಲಸ ಸಿಕ್ಕರೆ ಮುಂದಿನ ಕಂತಿನಿಂದಲೇ ಪೂರ್ಣ ಮೊತ್ತ ಆರಂಭಿಸುತ್ತೇವೆ. ಈ ಬದಲಾವಣೆಯನ್ನು ಕ್ರೆಡಿಟ್ ಸಂಸ್ಥೆಗಳಿಗೆ ಹೇಗೆ ವರದಿ ಮಾಡಲಾಗುತ್ತದೆ ಎಂಬುದನ್ನೂ ಉತ್ತರದಲ್ಲಿ ತಿಳಿಸಿ."

ಕೆಳಗೆ ಇಬ್ಬರ ಸಹಿಯೂ ಬೇಕು. ಜಂಟಿ ಸಾಲದಲ್ಲಿ ಒಬ್ಬರ ಸಹಿ ಮಾತ್ರ ಇದ್ದರೆ ಫೈಲ್ ವಾಪಸ್ ಬರುತ್ತದೆ. ಜಾಮೀನುದಾರರಿದ್ದರೆ ಅವರ ಒಪ್ಪಿಗೆಯನ್ನೂ ಕೇಳುತ್ತಾರೆ. 'ಬೇರೆ ಸಾಲ ಇಲ್ಲ' ಅನ್ನುವ ವಾಕ್ಯ ನಿಮ್ಮ ವಿಷಯದಲ್ಲಿ ನಿಜವಲ್ಲದಿದ್ದರೆ ಕ್ರೆಡಿಟ್ ಕಾರ್ಡ್, ಬೈಕ್ ಸಾಲ ಎಲ್ಲ ಬರೆಯಿರಿ, ಅವರು ನಿಮ್ಮ ಕ್ರೆಡಿಟ್ ವರದಿ ತೆಗೆದೇ ನೋಡುತ್ತಾರೆ. ಒಂದು ಮುಚ್ಚಿಟ್ಟದ್ದು ಕಂಡರೆ ಉಳಿದ ಅಂಕಿಗಳನ್ನೂ ನಂಬುವುದಿಲ್ಲ.

ಲಗತ್ತುಗಳಲ್ಲಿ ಮೊದಲನೆಯದು ರಿಲೀವಿಂಗ್ ಲೆಟರ್ ಅಥವಾ ಟರ್ಮಿನೇಷನ್ ಲೆಟರ್. ಅದು ಇನ್ನೂ ಬಂದಿಲ್ಲದಿದ್ದರೆ ಎಚ್‌ಆರ್ ಕಳಿಸಿದ ಮೇಲ್‌ನ ಪ್ರಿಂಟ್ ಹಾಕಿ, ಪತ್ರವನ್ನು ಅದಕ್ಕಾಗಿ ಕಾಯಿಸಬೇಡಿ. ರಾಜೀನಾಮೆ ಬರೆಸಿಕೊಂಡು ಕಳಿಸಿದ್ದರೆ ರಿಲೀವಿಂಗ್ ಲೆಟರ್‌ನಲ್ಲಿ 'ರಾಜೀನಾಮೆ' ಅಂತಲೇ ಇರುತ್ತದೆ, ನೀವಾಗಿಯೇ ಬಿಟ್ಟಿರಿ ಅಂತ ಬ್ಯಾಂಕು ಓದಿಕೊಳ್ಳುತ್ತದೆ. ಹಾಗಿದ್ದಲ್ಲಿ ಸಂಸ್ಥೆ ಸಿಬ್ಬಂದಿ ಕಡಿತ ಮಾಡಿದ್ದನ್ನು ತೋರಿಸುವ ಮೇಲ್ ಜೊತೆಗಿರಲಿ. ಇದರ ಜೊತೆ ಇಬ್ಬರದೂ ಕೊನೆಯ ಮೂರು ತಿಂಗಳ ಪೇಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಖರ್ಚಿನ ಪಟ್ಟಿ, ಶಾಲಾ ಶುಲ್ಕದ ರಸೀದಿ. ಖರ್ಚಿನ ಪಟ್ಟಿಯ ಮೊತ್ತ ಸ್ಟೇಟ್‌ಮೆಂಟ್‌ಗೆ ಹೊಂದಬೇಕು. ಪಟ್ಟಿಯಲ್ಲಿ 19,500 ಬರೆದು ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ತಿಂಗಳು 35,000 ಹೋಗಿದ್ದರೆ, ಯಾವ ಖರ್ಚು ನಿಲ್ಲಿಸಿದ್ದೀರಿ ಅಂತ ಒಂದು ಸಾಲಿನಲ್ಲಿ ಬರೆಯಿರಿ.

ಪತ್ರ ಕನ್ನಡದಲ್ಲೇ ಕೊಡಿ, ಜೊತೆಗೆ ಇಂಗ್ಲಿಷ್ ಪ್ರತಿ ಇರಲಿ. ತೀರ್ಮಾನ ಮಾಡುವವರು ಬೇರೆ ಊರಿನ ಕಚೇರಿಯಲ್ಲಿ ಕೂತಿರಬಹುದು. ಎರಡು ಸೆಟ್ ಒಯ್ದು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಅದೇ ದಿನ ಶಾಖೆಯ ಅಧಿಕೃತ ಮೇಲ್‌ಗೂ ಸ್ಕ್ಯಾನ್ ಕಳಿಸಿ. ಉತ್ತರ ಬರದಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ, ಅದಕ್ಕೂ 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು, ಆಗ ಆ ಸೀಲೇ ನಿಮ್ಮ ದಾಖಲೆ. ಆದರೆ ಒಂಬುಡ್ಸ್‌ಮನ್ ನೋಡುವುದು ಉತ್ತರ ಕೊಡದಿರುವಂಥ ಸೇವಾಲೋಪವನ್ನು. ಕಂತು ಕಡಿಮೆ ಮಾಡಲೇಬೇಕು ಅಂತ ಬ್ಯಾಂಕಿಗೆ ಹೇಳಿಸುವುದು ಅಲ್ಲಿ ಆಗುವುದಿಲ್ಲ.

ಮಂಜೂರಾತಿ ಬರಹದಲ್ಲಿ ಕೈಗೆ ಬರುವವರೆಗೆ "ಆಯ್ತು ಸರ್, ಮಾಡಿಕೊಡ್ತೀವಿ" ಅನ್ನುವ ಮಾತಿನ ಮೇಲೆ ಕಂತು ಕಡಿಮೆ ಕಟ್ಟಬೇಡಿ. ಸಿಸ್ಟಮ್‌ನಲ್ಲಿ ಬದಲಾಗುವ ತನಕ ಆಟೋ ಡೆಬಿಟ್ 27,313ಕ್ಕೇ ಬರುತ್ತದೆ. ಖಾತೆಯಲ್ಲಿ 18,000 ಮಾತ್ರ ಇದ್ದರೆ ಸಾಮಾನ್ಯವಾಗಿ ಆ 18,000 ಹೋಗುವುದಿಲ್ಲ, ಪೂರ್ತಿ ಬೌನ್ಸ್ ಆಗುತ್ತದೆ. ಹಾಗಾಗಿ ಅಂತಿಮ ಲೆಕ್ಕದ ದುಡ್ಡಿನಲ್ಲಿ ಕನಿಷ್ಠ ಎರಡು ಪೂರ್ಣ ಕಂತು, 54,626, ಸಾಲದ ಖಾತೆಗೆ ಜೋಡಿಸಿದ ಉಳಿತಾಯ ಖಾತೆಯಲ್ಲೇ ಇಡಿ.

ಮಂಜೂರಾದ ಮೇಲೆ ಪೂರಕ ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ಅದರಲ್ಲಿ ಬಡ್ಡಿದರ ಬದಲಾಗಿದೆಯೇ, ಪ್ರೊಸೆಸಿಂಗ್ ಶುಲ್ಕ ಎಷ್ಟು, ಹೊಸ ಕೊನೆಯ ಕಂತಿನ ದಿನಾಂಕ ಯಾವುದು ಅನ್ನುವ ಮೂರನ್ನು ಓದಿಯೇ ಸಹಿ ಮಾಡಿ. ಹಳೆಯ ಆಟೋ ಡೆಬಿಟ್ ಮ್ಯಾಂಡೇಟ್ ಹಳೆಯ ಕೊನೆಯ ದಿನಾಂಕಕ್ಕೇ ಮುಗಿಯುವಂತಿದ್ದರೆ ಹೊಸದು ಕೊಡಬೇಕಾಗುತ್ತದೆ, ಅದನ್ನೂ ಅಲ್ಲೇ ಕೇಳಿ. ಮೊದಲ 18,000 ಕಡಿತವಾದ ಮರುದಿನ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಓವರ್‌ಡ್ಯೂ ಕಾಲಂನಲ್ಲಿ ಸೊನ್ನೆ ಇರಬೇಕು. 9,313 ಅಂತ ಕಂಡರೆ ಬದಲಾವಣೆ ಸಿಸ್ಟಮ್‌ಗೆ ಏರಿಲ್ಲ, ದಿನದ ಎಣಿಕೆ ಶುರುವಾಗಿದೆ. ಮಂಜೂರಾತಿ ಪತ್ರ ಹಿಡಿದು ಅವತ್ತೇ ಶಾಖೆಗೆ ಹೋಗಿ.